ಕಳೆದ ಸೂಟ್‌ಕೇಸಿನ ಸ್ಪ್ಯಾನಿಷ್ ಪತ್ರ: ವಿನಯ ಎಲ್ಲಿ, ಪಟ್ಟು ಎಲ್ಲಿ?

ಸ್ಪ್ಯಾನಿಷ್ ಕಲಿತವರಿಗೆಲ್ಲ ಪರಿಚಯವಿರುವ ಪತ್ರವೊಂದಿದೆ. ವಿಮಾನ ಇಳಿದಾಗ ಸೂಟ್‌ಕೇಸು ಬಂದಿಲ್ಲ, ಪ್ರಯಾಣಿಕ ಕಂಪನಿಗೆ ದೂರು ಬರೆಯಬೇಕು. ವಿನಯ ಬಿಡಬಾರದು, ಪಟ್ಟೂ ಬಿಡಬಾರದು. ಪುಸ್ತಕದಿಂದ ಪುಸ್ತಕಕ್ಕೆ ಊರು, ತಾರೀಖು, ಸೂಟ್‌ಕೇಸಿನ ಬಣ್ಣ ಬದಲಾಗುತ್ತವೆ, ಅಸ್ಥಿಪಂಜರ ಮಾತ್ರ ಒಂದೇ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆ ಮಹಡಿಗಳ ಮೇಲೆ ಸಂಜೆ ಹೊತ್ತು ನಡೆಯುವ ಭಾಷಾ ತರಗತಿಗಳಲ್ಲೂ ಇದೇ ಪತ್ರ ಜೆರಾಕ್ಸ್ ಆಗಿ ಕೈಯಿಂದ ಕೈಗೆ ಹೋಗುತ್ತದೆ. ಸ್ಪ್ಯಾನಿಷ್ ಸೌಜನ್ಯಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲವೆಂದು ಕಲಿಸುವವರು ಹೇಳುತ್ತಾರೆ, ಕಲಿತವರು ಬಾಯಿಪಾಠ ಮಾಡುತ್ತಾರೆ. ಮಕ್ಕಳು ಸ್ಪೇನಿನಲ್ಲಿ ಓದುತ್ತಿರುವ ಅಥವಾ ಕೆಲಸದಲ್ಲಿರುವ ಮನೆಗಳು ನಮ್ಮ ಬಡಾವಣೆಯಲ್ಲಿ ಹೆಚ್ಚುತ್ತಿವೆ. ನಿಜವಾಗಿಯೂ ಲಗೇಜು ಕಳೆದಾಗ ಅವರು ಹುಡುಕುವುದೂ ಈ ಜೆರಾಕ್ಸನ್ನೇ. ಅದಕ್ಕಾಗಿಯೇ ಇದರ ಕೀರ್ತಿಯನ್ನು ಪ್ರಶ್ನಿಸಬೇಕಾಗಿದೆ. ಈ ಪತ್ರದಲ್ಲಿ ವಿನಯವೂ ಇದೆ, ಪಟ್ಟೂ ಇದೆ. ಆದರೆ ಎರಡೂ ತಪ್ಪು ಜಾಗದಲ್ಲಿ ಕೂತಿವೆ. ಪಟ್ಟು ಹಿಡಿಯಬೇಕಾದ ಕಡೆ ಪತ್ರ ಬಾಗುತ್ತದೆ. ಹಿಡಿಯಲು ಏನೂ ಇಲ್ಲದ ಕಡೆ ಗುಡುಗುತ್ತದೆ.

ಪತ್ರದ ನಡೆ ಹೀಗಿರುತ್ತದೆ. ಮೇಲೆ ‘ಎಸ್ತಿಮಾದೋಸ್ ಸೆನ್ಯೋರೆಸ್’, ಅಂದರೆ ಮಾನ್ಯರೇ. ಆಮೇಲೆ ‘ಮೆ ದಿರೀಹೊ ಆ ಉಸ್ತೇದೆಸ್’ ಎಂದು ಶುರುವಾಗಿ, ಇಂಥ ದಿನ ಇಂಥ ವಿಮಾನದಲ್ಲಿ ಬಂದ ನನ್ನ ಲಗೇಜು ಕಳೆದುಹೋಗಿದೆ ಎಂಬ ವಿಷಯ. ಮೂರು ದಿನವಾದರೂ ಯಾರೂ ಸುದ್ದಿ ಹೇಳಲಿಲ್ಲವೆಂಬ ಬೇಸರ. ಸೂಟ್‌ಕೇಸು ಹುಡುಕಿಕೊಟ್ಟರೆ, ಇಲ್ಲವೇ ಸೂಕ್ತ ಪರಿಹಾರ ಕೊಟ್ಟರೆ ಉಪಕಾರವಾಗುತ್ತದೆ ಎಂಬ ಕೋರಿಕೆ. ಉತ್ತರ ಆದಷ್ಟು ಬೇಗ ಬರಲಿ ಎಂಬ ಆಶಯ. ಇಲ್ಲದಿದ್ದರೆ ಕಾನೂನು ಕ್ರಮ ಅನಿವಾರ್ಯ ಎಂಬ ಎಚ್ಚರಿಕೆ. ಕೊನೆಗೆ ‘ಲೆಸ್ ಸಲೂದಾ ಅತೆಂತಾಮೆಂತೆ’ ಎಂಬ ವಂದನೆ, ಸಹಿ.

ಇದರ ಗುಣಗಳನ್ನು ಒಪ್ಪಿಕೊಳ್ಳಲು ಕಷ್ಟವಿಲ್ಲ. ಸಂಬೋಧನೆಯ ಮುಂದೆ ಅಲ್ಪವಿರಾಮದ ಬದಲು ಎರಡು ಚುಕ್ಕಿ ಇಡುವ ಸ್ಪ್ಯಾನಿಷ್ ರೂಢಿಯನ್ನು ಇದು ಕಲಿಸುತ್ತದೆ. ಗುರುತಿಲ್ಲದವರನ್ನು ಬಹುವಚನದ ‘ಉಸ್ತೇದೆಸ್’ ಎಂದೇ ಕರೆಯಬೇಕೆಂದು ತೋರಿಸುತ್ತದೆ. ಕನ್ನಡದ ಅರ್ಜಿಯ ಅಭ್ಯಾಸದಿಂದ ಬರುವ ನಮ್ಮವರು ಸಾಲಿಗೊಂದು ‘ದಯವಿಟ್ಟು’ ಹಾಕುತ್ತಾರೆ. ಸ್ಪ್ಯಾನಿಷ್ ಪತ್ರದಲ್ಲಿ ಅದು ಗೋಗರೆದಂತೆ ಕೇಳುತ್ತದೆ, ಅಲ್ಲಿ ಮರ್ಯಾದೆಯನ್ನು ಹೊರುವುದು ಕ್ರಿಯಾಪದದ ರೂಪ. ಇಷ್ಟನ್ನು ಮಾದರಿ ಪತ್ರ ಚೆನ್ನಾಗಿಯೇ ಹೇಳಿಕೊಡುತ್ತದೆ. ಅದು ಹುಟ್ಟಿದ್ದೂ ಇಷ್ಟಕ್ಕೇ. ಸೆರ್ವಾಂತೆಸ್ ಸಂಸ್ಥೆಯ ಡೆಲೆ ಪರೀಕ್ಷೆಯ ಬಿ2 ಹಂತದಲ್ಲಿ 150ರಿಂದ 180 ಪದಗಳ ಔಪಚಾರಿಕ ಪತ್ರವೊಂದನ್ನು ಬರೆಯಬೇಕಾಗುತ್ತದೆ. ಪತ್ರದ ಶೈಲಿ ಸಂದರ್ಭಕ್ಕೆ ಹೊಂದಿದೆಯೇ, ವಿಷಯ ಒಂದಕ್ಕೊಂದು ಕೂಡಿಕೊಂಡಿದೆಯೇ, ವ್ಯಾಕರಣ ಸರಿಯಿದೆಯೇ, ಪದಗಳ ವ್ಯಾಪ್ತಿ ಎಷ್ಟು ಎಂದು ಅಲ್ಲಿ ಅಂಕ ಹಾಕುತ್ತಾರೆ. ಪತ್ರದಿಂದ ದುಡ್ಡು ವಾಪಸು ಬರುತ್ತದೆಯೇ ಎಂದು ಪರೀಕ್ಷಕ ನೋಡುವುದಿಲ್ಲ, ಅದು ಅವನ ಕೆಲಸವೂ ಅಲ್ಲ. ಪರೀಕ್ಷೆಯ ಮಟ್ಟಿಗೆ ಈ ಮಾದರಿಯ ಮೇಲೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವವರ ಮೇಲೆ.

ಎಲ್ಲರೂ ಹೊಗಳುವ ಆ ಒಂದು ವಾಕ್ಯವನ್ನು ಹತ್ತಿರದಿಂದ ನೋಡೋಣ. ‘ದೆ ಲೊ ಕೊಂತ್ರಾರಿಯೊ, ಮೆ ವೆರೆ ಒಬ್ಲಿಗಾದಾ ಆ ಎಂಪ್ರೆಂದೆರ್ ಅಕ್ಸಿಯೋನೆಸ್ ಲೆಗಾಲೆಸ್’: ಇಲ್ಲವಾದಲ್ಲಿ ಕಾನೂನು ಕ್ರಮ ಕೈಗೊಳ್ಳುವ ಅನಿವಾರ್ಯತೆಗೆ ನಾನು ಒಳಗಾಗಬೇಕಾದೀತು. ಬರೆಯುವವರು ಗಂಡಸಾದರೆ ‘ಒಬ್ಲಿಗಾದೊ’, ಹೆಂಗಸಾದರೆ ‘ಒಬ್ಲಿಗಾದಾ’. ತರಗತಿಯಲ್ಲಿ ಈ ವಾಕ್ಯದ ಚರ್ಚೆ ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಸೌಜನ್ಯದೊಳಗೆ ಅಡಗಿದ ಕತ್ತಿ ಎಂದು ಇದನ್ನು ಬಣ್ಣಿಸುವವರನ್ನು ಕೇಳಿದ್ದೇನೆ. ನಾನು ಅದರಲ್ಲಿ ಕತ್ತಿಯನ್ನು ಕಂಡಿಲ್ಲ. ಯಾವ ಕ್ರಮ? ಯಾವ ನ್ಯಾಯಾಲಯದಲ್ಲಿ? ಯಾವ ಕಾನೂನಿನ ಕೆಳಗೆ? ಯಾವ ತಾರೀಖಿನ ನಂತರ? ನಾಲ್ಕಕ್ಕೂ ಇಲ್ಲಿ ಉತ್ತರವಿಲ್ಲ. ವಾಕ್ಯದ ಕಟ್ಟಡವೂ ಗಮನಿಸುವಂಥದ್ದು. ಬರೆಯುವಾಕೆ ತಾನು ಏನು ಮಾಡುತ್ತೇನೆಂದು ಹೇಳುತ್ತಿಲ್ಲ. ತನಗೆ ಏನೋ ಆಗಿಬಿಡುತ್ತದೆ, ಯಾರೋ ತನ್ನನ್ನು ಅಲ್ಲಿಗೆ ದೂಡುತ್ತಾರೆ ಎನ್ನುತ್ತಿದ್ದಾಳೆ. ಬೆದರಿಕೆ ಹಾಕಿದ ಗಳಿಗೆಯಲ್ಲೇ ಅದರ ಹೊಣೆಯಿಂದ ಹಿಂದೆ ಸರಿಯುವ ವಾಕ್ಯ ಇದು. ದಿನವೂ ಇಂಥ ಕಡತ ತೆರೆಯುವ ಗುಮಾಸ್ತನಿಗೆ ಅದು ಪತ್ರ ಮುಗಿಯುತ್ತ ಬಂತೆಂಬ ಸೂಚನೆ, ಅಷ್ಟೆ.

ಇದು ಸಪ್ಪೆಯಾಯಿತೆಂದು ಕೆಲವರು ಮಸಾಲೆ ಸೇರಿಸುತ್ತಾರೆ, ಆಗ ಇನ್ನೂ ಕೆಡುತ್ತದೆ. ಯುರೋಪಿನ ವಿಮಾನ ಪ್ರಯಾಣ ಎಂದೊಡನೆ ನೆನಪಾಗುವುದು 261/2004 ಎಂಬ ನಿಯಮ. ಅದನ್ನು ಉದ್ಧರಿಸಿ ‘ಈ ನಿಯಮದಂತೆ ಪರಿಹಾರ ಕೊಡಿ’ ಎಂದು ಬರೆಯುತ್ತಾರೆ. ಆ ನಿಯಮ ಇರುವುದು ವಿಮಾನ ರದ್ದಾದಾಗ, ಬಹಳ ತಡವಾದಾಗ, ಟಿಕೆಟಿದ್ದರೂ ಹತ್ತಿಸದೆ ಬಿಟ್ಟಾಗ. ಸೂಟ್‌ಕೇಸಿಗೂ ಅದಕ್ಕೂ ಸಂಬಂಧವಿಲ್ಲ. ಬರೆದವರಿಗೆ ತಮ್ಮ ಹಕ್ಕು ಯಾವುದೆಂದು ಗೊತ್ತಿಲ್ಲವೆನ್ನುವುದು ಆ ಒಂದು ಸಂಖ್ಯೆಯಿಂದಲೇ ಎದುರಿನವರಿಗೆ ತಿಳಿದುಬಿಡುತ್ತದೆ.

ಈಗ ಬೆದರಿಕೆಗಿಂತ ಮೇಲಿನ ಸಾಲಿಗೆ ಹೋಗೋಣ. ನನ್ನ ಮಟ್ಟಿಗೆ ಪತ್ರ ಸೋಲುವುದು ಅಲ್ಲಿ. ‘ಲೆಸ್ ಅಗ್ರಾದೆಸೆರೀಯಾ ಕೆ ಮೆ ಅಬೊನಾರಾನ್ ಉನಾ ಇಂದೆಮ್ನಿಸಸ್ಯೋನ್ ಅದೆಕ್ವಾದಾ’: ಸೂಕ್ತ ಪರಿಹಾರ ಪಾವತಿಸಿದರೆ ತಮಗೆ ಆಭಾರಿಯಾಗಿರುತ್ತೇನೆ. ಸ್ಪ್ಯಾನಿಷ್ ವಿನಯದ ಮುಖ್ಯ ಸಲಕರಣೆ ಈ ‘ಆದರೆ-ಆಗುತ್ತದೆ’ ರೂಪ. ನಮಗೂ ಇದು ಹೊಸದಲ್ಲ, ‘ಸ್ವಲ್ಪ ನೋಡಿ ಹೇಳಿದ್ರೆ ಉಪಕಾರ ಆಗುತ್ತೆ’ ಎಂದು ಬ್ಯಾಂಕಿನ ಕೌಂಟರಿನಲ್ಲಿ ನಾವೂ ಹೇಳುತ್ತೇವೆ. ಮಾಹಿತಿ ಕೇಳುವಾಗ ಅದು ಸೊಗಸು: ಕಡತ ಎಲ್ಲಿದೆ, ಯಾರು ನೋಡುತ್ತಿದ್ದಾರೆ, ಸೂಟ್‌ಕೇಸು ಕೊನೆಗೆ ಕಂಡದ್ದು ಯಾವ ನಿಲ್ದಾಣದಲ್ಲಿ. ಅವೆಲ್ಲ ಎದುರಿನವರ ಸಹಕಾರ ಬೇಕಾದ ಸಂಗತಿಗಳು, ಅಲ್ಲಿ ಬಾಗಬೇಕು. ಆದರೆ ಪರಿಹಾರ ಅವರ ಉಪಕಾರವಲ್ಲ, ಕಾನೂನಿನ ಪ್ರಕಾರ ಅವರು ಕೊಡಬೇಕಾದ ಬಾಕಿ. ಬಾಕಿಯನ್ನು ಕೇಳುವಾಗ ವರ್ತಮಾನ ಕಾಲದ ನೇರ ಕ್ರಿಯಾಪದವೇ ಬೇಕು: ‘ರೆಕ್ಲಾಮೊ’, ಕೇಳುತ್ತಿದ್ದೇನೆ, ಹಕ್ಕಿನಿಂದ. ಇದರಲ್ಲಿ ಒರಟುತನ ಎಳ್ಳಷ್ಟೂ ಇಲ್ಲ. ಮೇಲೆ ‘ಎಸ್ತಿಮಾದೋಸ್ ಸೆನ್ಯೋರೆಸ್’ ಇದೆ, ಕೆಳಗೆ ವಂದನೆ ಇದೆ, ನಡುವೆ ಒಂದು ಸಾಲು ಬಾಗದೆ ನಿಂತರೆ ಯಾರ ಮರ್ಯಾದೆಗೂ ಕುಂದಿಲ್ಲ. ಆ ಸಾಲಿನಲ್ಲಿ ಮೊತ್ತ ಇರಬೇಕು. ‘ಸೂಕ್ತ’ ಎಂದು ಬಿಟ್ಟರೆ ಸೂಕ್ತ ಎಷ್ಟೆಂದು ಅವರೇ ತೀರ್ಮಾನಿಸುತ್ತಾರೆ.

ಮಾದರಿ ಪತ್ರದ ಇನ್ನೊಂದು ದೋಷ ಇದಕ್ಕಿಂತ ಆಳದ್ದು, ಅದನ್ನು ಯಾವ ವ್ಯಾಕರಣದ ಪಾಠವೂ ಸರಿಪಡಿಸಲಾರದು. ಮೂರನೇ ದಿನ ಬರೆದ ಪತ್ರದಲ್ಲಿ ಲಗೇಜು ‘ಕಳೆದುಹೋಗಿದೆ’ ಎನ್ನುತ್ತದೆ. ಮೂರನೇ ದಿನ ಕಾನೂನಿನ ಕಣ್ಣಿಗೆ ಅದು ಕಳೆದುಹೋಗಿರುವುದಿಲ್ಲ, ತಡವಾಗಿರುತ್ತದೆ. ಅಂತರರಾಷ್ಟ್ರೀಯ ವಿಮಾನ ಪ್ರಯಾಣದ ಲಗೇಜಿಗೆ ಅನ್ವಯಿಸುವುದು 1999ರ ಮಾಂಟ್ರಿಯಲ್ ಒಪ್ಪಂದ. ಸ್ಪೇನಿಗೆ 2004ರಿಂದ, ಭಾರತಕ್ಕೆ 2009ರಿಂದ ಅದು ಜಾರಿಯಲ್ಲಿದೆ. ಅದರ 17ನೇ ವಿಧಿಯ ಮೂರನೇ ಖಂಡದ ಪ್ರಕಾರ ಸೂಟ್‌ಕೇಸು ಕಳೆದಿದೆ ಎನ್ನಲು ಎರಡೇ ದಾರಿ. ಒಂದು, ಕಂಪನಿಯೇ ಒಪ್ಪಿಕೊಳ್ಳಬೇಕು. ಇನ್ನೊಂದು, ಅದು ಬರಬೇಕಾಗಿದ್ದ ದಿನದಿಂದ 21 ದಿನ ಕಳೆಯಬೇಕು. ಹಾಗಾಗಿ ಮೂರನೇ ದಿನ ನಷ್ಟ ಪರಿಹಾರ ಕೇಳಿದ ಪತ್ರಕ್ಕೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ತಮ್ಮ ಲಗೇಜನ್ನು ಇನ್ನೂ ಹುಡುಕುತ್ತಿದ್ದೇವೆ. ಆ ಉತ್ತರ ನಿಜವೂ ಹೌದು. ಪ್ರಯಾಣಿಕ ಸುಮ್ಮನಾಗುತ್ತಾನೆ, ತಿಂಗಳು ಕಳೆಯುತ್ತದೆ, ಎರಡನೇ ಪತ್ರ ಬರೆಯುವುದೇ ಇಲ್ಲ, ಯಾಕೆಂದರೆ ಪುಸ್ತಕದಲ್ಲಿ ಇದ್ದದ್ದು ಒಂದೇ ಪತ್ರ.

ಅಸಲಿಗೆ ಬೇಕಾದದ್ದು ಎರಡು ಪತ್ರ. ಒಂದು ಪ್ರಸಂಗ ಕಲ್ಪಿಸಿಕೊಂಡು ಬರೆದು ನೋಡೋಣ. ರಾಜಾಜಿನಗರದ ತಾಯಿಯೊಬ್ಬರು ಬಾರ್ಸಿಲೋನಾದಲ್ಲಿರುವ ಮಗಳ ಮನೆಗೆ ಹೊರಟಿದ್ದಾರೆ. ದಾರಿಯಲ್ಲಿ ಒಂದು ಕಡೆ ವಿಮಾನ ಬದಲಿಸಿ 2025ರ ಮಾರ್ಚ್ 3ರಂದು ಇಳಿದಿದ್ದಾರೆ. 22 ಕಿಲೋ ತೂಗಿದ ಸೂಟ್‌ಕೇಸು ಬೆಲ್ಟಿನ ಮೇಲೆ ಬರಲಿಲ್ಲ. ನಿಲ್ದಾಣದಿಂದ ಹೊರಗೆ ಬರುವ ಮುಂಚೆಯೇ ಲಗೇಜು ಕೌಂಟರಿನಲ್ಲಿ ಪಿಐಆರ್ ಎಂಬ ವರದಿ ಮಾಡಿಸಬೇಕು. ಅದರ ಮೇಲೆ ನಿಲ್ದಾಣದ ಮೂರಕ್ಷರ, ಕಂಪನಿಯ ಎರಡಕ್ಷರ, ಐದು ಅಂಕಿ ಸೇರಿದ ಗುರುತು ಇರುತ್ತದೆ, BCNXX12345 ಎನ್ನುವ ಹಾಗೆ. ಬೆಂಗಳೂರಿನಲ್ಲಿ ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಚೀಟಿಯಲ್ಲಿ ಹತ್ತು ಅಂಕಿಯ ಟ್ಯಾಗ್ ಸಂಖ್ಯೆ ಇರುತ್ತದೆ. ಪತ್ರದ ಮೊದಲ ಸಾಲಿನಲ್ಲಿ ಈ ಎರಡೂ ಬರಬೇಕು. ಮಾದರಿ ಪತ್ರ ಸೂಟ್‌ಕೇಸಿನ ಬಣ್ಣ ಮತ್ತು ಗಾಲಿಗಳನ್ನು ಎರಡು ಸಾಲು ವರ್ಣಿಸುತ್ತದೆ, ವಿಶೇಷಣಗಳ ಅಭ್ಯಾಸವಾಗಲಿ ಎಂದು. ಆ ವರ್ಣನೆ ವರದಿಯಲ್ಲಿ ಆಗಲೇ ದಾಖಲಾಗಿದೆ. ಪತ್ರಕ್ಕೆ ಬೇಕಾದದ್ದು ಸಂಖ್ಯೆ.

ಮೊದಲ ಪತ್ರ ಮಾರ್ಚ್ 6ರ ಹೊತ್ತಿಗೆ ಹೋಗಬೇಕು. ಅದು ವಿಳಂಬದ ಪತ್ರ, ಅದರಲ್ಲಿ ಕಳೆದ ಮಾತು ಬೇಡ. ಮಾರ್ಚ್ 3ರಂದು ಬರಬೇಕಾಗಿದ್ದ ಲಗೇಜು ಇನ್ನೂ ಬಂದಿಲ್ಲ; ಈ ನಡುವೆ ಒಂದು ಬೆಚ್ಚನೆಯ ಕೋಟು, ಒಳಉಡುಪು, ದಿನನಿತ್ಯದ ಔಷಧಿಗೆ ಇಷ್ಟು ಖರ್ಚಾಗಿದೆ, ರಸೀದಿಗಳು ಜೊತೆಗಿವೆ, ಈ ಮೊತ್ತವನ್ನು ಒಪ್ಪಂದದ 19ನೇ ವಿಧಿಯಂತೆ ಕೇಳುತ್ತಿದ್ದೇನೆ. ಇಲ್ಲಿ ನಮ್ಮವರು ಎಡವುವ ಸಣ್ಣ ಕಲ್ಲೊಂದಿದೆ. ಸ್ಪೇನಿನಲ್ಲಿ ದಶಾಂಶಕ್ಕೆ ಅಲ್ಪವಿರಾಮ ಬಳಸುತ್ತಾರೆ, ಸಾವಿರಕ್ಕೆ ಚುಕ್ಕಿ ಇಡುತ್ತಾರೆ ಅಥವಾ ಜಾಗ ಬಿಡುತ್ತಾರೆ. ನೂರನಲವತ್ತೆಂಟು ಯೂರೋ ಅರವತ್ತು ಸೆಂಟನ್ನು 148,60 ಎಂದು ಬರೆಯಬೇಕು. ನಮ್ಮ ರೂಢಿಯಂತೆ 1,140 ಎಂದು ಬರೆದ ಸಾವಿರದ ನೂರನಲವತ್ತು ಯೂರೋ, ಅಲ್ಲಿನ ಕಣ್ಣಿಗೆ ಒಂದು ಯೂರೋ ಚಿಲ್ಲರೆಯಾಗಿ ಕಂಡೀತು. ಗಂಭೀರವಾದ ಕೋರಿಕೆಯನ್ನು ಗೊಂದಲಕ್ಕೆ ಬಿಡುವ ಇಂಥ ವಿಷಯವನ್ನು ನಾನು ನೋಡಿದ ಯಾವ ಮಾದರಿಯೂ ಎತ್ತಿ ಹೇಳುವುದಿಲ್ಲ, ಯಾಕೆಂದರೆ ಮಾದರಿಯಲ್ಲಿ ಮೊತ್ತವೇ ಇಲ್ಲ.

ಮಾರ್ಚ್ 24ಕ್ಕೆ 21 ದಿನ ತುಂಬುತ್ತದೆ. ಎರಡನೇ ಪತ್ರ ಮಾರ್ಚ್ 25ರದ್ದು. ಇದು ನಷ್ಟದ ಪತ್ರ, ಇದರಲ್ಲಿ ಬಾಗುವ ಸಾಲುಗಳು ಕಡಿಮೆ. ‘17ನೇ ವಿಧಿಯ ಮೂರನೇ ಖಂಡದಂತೆ ಅವಧಿ ಮುಗಿದಿದೆ. ವಿವರ ಪಟ್ಟಿ ಲಗತ್ತಿಸಿದೆ. ಒಟ್ಟು 1.140 ಯೂರೋ ಕೇಳುತ್ತಿದ್ದೇನೆ. ಏಪ್ರಿಲ್ 25ರೊಳಗೆ ಲಿಖಿತ ಉತ್ತರ ಬಾರದಿದ್ದರೆ ಬಾರ್ಸಿಲೋನಾದ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ.’ ಹಳೆಯ ಬೆದರಿಕೆಯ ಸಾಲಿನ ಪಕ್ಕದಲ್ಲಿ ಇದನ್ನಿಟ್ಟು ಓದಿ. ಇಲ್ಲಿ ಗುಡುಗಿಲ್ಲ, ಗುಣವಾಚಕವಿಲ್ಲ. ಒಂದು ತಾರೀಖು ಇದೆ, ಒಂದು ಜಾಗ ಇದೆ, ‘ಹೂಡುತ್ತೇನೆ’ ಎನ್ನುವಾಕೆ ಇದ್ದಾಳೆ. ಸ್ಪೇನಿನಲ್ಲಿ 2,000 ಯೂರೋವರೆಗಿನ ದಾವೆಗೆ ವಕೀಲರು ಕಡ್ಡಾಯವಲ್ಲವೆಂಬುದು ಕಂಪನಿಗೂ ಗೊತ್ತು. ಮೊತ್ತ ಅದರೊಳಗಿದೆ ಎಂದಾಗ ಈ ಸಾಲಿನ ತೂಕ ತಾನಾಗಿ ಹೆಚ್ಚುತ್ತದೆ.

ಮೊತ್ತಕ್ಕೆ ಮೇಲ್ಮಿತಿಯೂ ಇದೆ. ಮಾಂಟ್ರಿಯಲ್ ಒಪ್ಪಂದ ಅದನ್ನು ಯಾವ ದೇಶದ ನಾಣ್ಯದಲ್ಲೂ ಹೇಳದೆ, ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕದಲ್ಲಿ ಹೇಳುತ್ತದೆ. 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಘಟಕ. ದಿನದ ದರದಂತೆ ಹೆಚ್ಚುಕಡಿಮೆಯಾದರೂ ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷದ ಆಸುಪಾಸು. ಅದಕ್ಕಿಂತ ಬೆಲೆಬಾಳುವ ಸಾಮಾನಿದ್ದರೆ ಚೆಕ್-ಇನ್ ಸಮಯದಲ್ಲೇ ವಿಶೇಷ ಘೋಷಣೆ ಕೊಟ್ಟು, ಕೇಳಿದರೆ ಹೆಚ್ಚಿನ ಶುಲ್ಕ ಕಟ್ಟಿರಬೇಕು. ಆಮೇಲೆ ಬರೆದ ಯಾವ ಪತ್ರವೂ ಆ ಮಿತಿಯನ್ನು ಮೇಲೇರಿಸದು. ಗರಿಷ್ಠ ಮೊತ್ತವನ್ನೇ ಕೇಳಿಬಿಡಿ, ಹೇಗೂ ಕಡಿಮೆ ಕೊಡುತ್ತಾರೆ ಎಂದು ಸಲಹೆ ಕೊಡುವವರಿದ್ದಾರೆ. ಆ ಸಲಹೆಯ ಫಲವನ್ನು ನೋಡಲು ಬಾರ್ಸಿಲೋನಾದ ಒಂದು ಮೊಕದ್ದಮೆ ಸಾಕು. 2017ರ ಸೆಪ್ಟೆಂಬರಿನಲ್ಲಿ ಐಬಿಸಾದಿಂದ ಬಾರ್ಸಿಲೋನಾ ಮಾರ್ಗವಾಗಿ ಫುಯೆರ್ತೆವೆಂತುರಾಗೆ ಹೋದ ಪ್ರಯಾಣಿಕರೊಬ್ಬರ ಲಗೇಜು ಸಿಗಲೇ ಇಲ್ಲ. ನಷ್ಟವೆಂದರೆ ಎಲ್ಲಕ್ಕಿಂತ ಘೋರವಾದದ್ದು, ಆದ್ದರಿಂದ ಪೂರ್ತಿ ಮಿತಿಯ ಮೊತ್ತ ತಾನಾಗಿಯೇ ಸಲ್ಲಬೇಕು ಎಂಬುದು ಅವರ ವಾದ. ವೂಯೆಲಿಂಗ್ ಕಂಪನಿ ಒಪ್ಪಲಿಲ್ಲ. ವಿಷಯ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಗಿ 2020ರ ಜುಲೈ 9ರಂದು ತೀರ್ಪು ಬಂತು: ಆ ಮೊತ್ತ ಮೇಲ್ಮಿತಿ ಮಾತ್ರ, ನಿಗದಿತ ಪರಿಹಾರವಲ್ಲ, ಒಳಗೆ ಏನಿತ್ತು, ಎಷ್ಟು ಬೆಲೆಯದು ಎಂದು ಪ್ರಯಾಣಿಕರೇ ತೋರಿಸಬೇಕು. ಸಾಕ್ಷ್ಯ ಸಾಲದಾದಾಗ ಲಗೇಜಿನ ತೂಕ, ಹೋಗುವಾಗ ಕಳೆದದ್ದೋ ಬರುವಾಗಲೋ ಎಂಬಂಥ ಸಂಗತಿಗಳನ್ನೂ ನ್ಯಾಯಾಧೀಶರು ಒಟ್ಟಾಗಿ ನೋಡಬಹುದು.

ನಮ್ಮ ತಾಯಿಯ ಪಟ್ಟಿಯನ್ನು ಈ ತೀರ್ಪಿನ ಬೆಳಕಿನಲ್ಲಿ ಬರೆಯಬೇಕು. ಸೂಟ್‌ಕೇಸಿಗೆ ಬಿಲ್ಲಿದೆ. ಮಗಳಿಗೆಂದು ಕೊಂಡ ಎರಡು ರೇಷ್ಮೆ ಸೀರೆಗೆ ಅಂಗಡಿಯ ಬಿಲ್ಲಿದೆ. ಹಳೆಯ ಸೀರೆಗಳಿಗೆ ಬಿಲ್ಲಿಲ್ಲ, ಆದರೆ ಮದುವೆಯ ಫೋಟೋದಲ್ಲಿ ಅವು ಕಾಣುತ್ತವೆ. ಕೊಂಡ ವರ್ಷ, ಅಂದಾಜು ಬೆಲೆ ಬರೆದು ಹಳತಾದ ಲೆಕ್ಕ ಕಳೆದು ತೋರಿಸಬೇಕು. ಹುಳಿಪುಡಿ, ಚಕ್ಕುಲಿ, ಉಪ್ಪಿನಕಾಯಿ ಎಂಬ ಸಾಲು ಕೂಡ ಬಿಡಬೇಡಿ, ಬೆಲೆ ಕಡಿಮೆಯಾದರೂ. ಹೊರಡುವಾಗ ತುಂಬಿ ತುಳುಕುತ್ತಿದ್ದ 22 ಕಿಲೋ ಲಗೇಜು ಇದು ಎಂಬ ಮಾತಿಗೆ ಅವು ಪುಷ್ಟಿ ಕೊಡುತ್ತವೆ, ಟ್ಯಾಗಿನ ಮೇಲಿನ ತೂಕದ ಜೊತೆ ತಾಳೆಯಾಗುತ್ತವೆ. ಎಲ್ಲಕ್ಕೂ ದುಂಡು ಮೊತ್ತ ಹಾಕಿದ ಪಟ್ಟಿಯನ್ನು ಓದುವವರು ನಂಬುವುದು ಕಷ್ಟ. ಈ ಪಟ್ಟಿಯೇ ಪತ್ರದ ನಿಜವಾದ ಗದ್ಯ ಎಂದು ನಾನು ಭಾವಿಸುತ್ತೇನೆ. ಮಾದರಿ ಪತ್ರದಲ್ಲಿ ಅದಕ್ಕೆ ‘ನನ್ನ ವೈಯಕ್ತಿಕ ವಸ್ತುಗಳು’ ಎಂಬ ಎರಡು ಮೂರು ಪದಗಳಷ್ಟೇ ಜಾಗ.

ಈ ವಿಮರ್ಶೆಗೆ ಬರುವ ಆಕ್ಷೇಪಗಳನ್ನು ಬಲ್ಲೆ. ಸ್ಪ್ಯಾನಿಷ್ ಔಪಚಾರಿಕ ಪತ್ರದ ಶಿಷ್ಟಾಚಾರವೇ ಊಳಿಗಮಾನ್ಯದ ಪಳೆಯುಳಿಕೆ, ‘ಮುಯ್ ಸೆನ್ಯೋರೆಸ್ ಮಿಯೋಸ್’ ಎನ್ನುವ ಕಾಲ ಹೋಯಿತು, ನೇರ ‘ಓಲಾ’ ಎಂದು ಶುರುಮಾಡಿ ಎನ್ನುವವರಿದ್ದಾರೆ. ಆ ಹಳೆಯ ಸಂಬೋಧನೆ ಈಗ ಅಪರೂಪವೆನ್ನುವುದು ನಿಜ. ಅರ್ಜೆಂಟೀನಾದವರು ‘ದೆ ಮಿ ಕೊನ್ಸಿದೆರಾಸ್ಯೋನ್’ ಎನ್ನುತ್ತಾರೆ, ಕೊಲಂಬಿಯಾದವರು ‘ಕೊರ್ದಿಯಾಲ್ ಸಲೂದೊ’ ಎನ್ನುತ್ತಾರೆ. ಮಾದ್ರಿದಿನ ಮಾದರಿಯೊಂದೇ ಸರಿಯೆಂಬ ಹಟ ನನಗಿಲ್ಲ. ಆದರೆ ಶಿಷ್ಟಾಚಾರ ತೆಗೆದರೆ ಪತ್ರ ಗಟ್ಟಿಯಾಗುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲ. ಮೊತ್ತವಿಲ್ಲದ, ತಾರೀಖಿಲ್ಲದ ಪತ್ರ ‘ಓಲಾ’ ಎಂದರೂ ಅಷ್ಟೇ ಮೆತ್ತಗೆ. ಈಗೆಲ್ಲ ಕಂಪನಿಯ ವೆಬ್‌ಸೈಟಿನಲ್ಲಿ ಫಾರಂ ತುಂಬಿದರಾಯಿತು, ಪತ್ರವೆಲ್ಲಿ ಎನ್ನುವವರದ್ದು ಇನ್ನೊಂದು ಬಣ. ಆ ಫಾರಂನಲ್ಲೂ ವಿವರ ಬರೆಯಲು ಒಂದು ಚೌಕವಿರುತ್ತದೆ; ಅದರೊಳಗೆ ಹೋಗುವುದು ಇದೇ ಪತ್ರ. ದೂರು ಲಿಖಿತವಾಗಿರಬೇಕು ಎನ್ನುವುದು ಒಪ್ಪಂದದ 31ನೇ ವಿಧಿ. ಕಂಪನಿಯ ಗಣಕ ವ್ಯವಸ್ಥೆಯಲ್ಲಿ ದಾಖಲಾದ ದೂರೂ ಲಿಖಿತವೇ ಎಂದು ಫಿನ್‌ಏರ್ ಪ್ರಕರಣದಲ್ಲಿ ಅದೇ ಐರೋಪ್ಯ ನ್ಯಾಯಾಲಯ 2018ರಲ್ಲಿ ಹೇಳಿದೆ. ಆದ್ದರಿಂದ ಫಾರಂ ತುಂಬಿದವರು ಒಪ್ಪಿಸುವ ಮುನ್ನ ಪೂರ್ತಿ ಪಠ್ಯದ ಪ್ರತಿ ಇಟ್ಟುಕೊಳ್ಳಬೇಕು. ತಡವಾಗಿ ಸೂಟ್‌ಕೇಸು ಸಿಕ್ಕಿದರೆ ವಿಳಂಬದ ದೂರಿಗೆ ಅದು ಕೈಗೆ ಬಂದ ದಿನದಿಂದ 21 ದಿನ, ಒಡೆದು ಬಂದಿದ್ದರೆ ಏಳೇ ದಿನ ಗಡುವು; ಆ ಗಡುವಿನೊಳಗೆ ಬರೆದಿದ್ದೇನೆ ಎಂದು ತೋರಿಸಬೇಕಾದಾಗ ಆ ಪ್ರತಿಯೊಂದೇ ಆಸರೆ.

ಹೆಚ್ಚು ಕೇಳಿಬರುವ ಆಕ್ಷೇಪ ಬೇರೆ, ಅದಕ್ಕೆ ಹೆಚ್ಚು ಗೌರವವೂ ಸಲ್ಲಬೇಕು. ಇಂಗ್ಲಿಷಿನಲ್ಲೇ ಬರೆದರೆ ಅವರಿಗೆ ಅರ್ಥವಾಗುವುದಿಲ್ಲವೇ, ಬಾರದ ಭಾಷೆಯಲ್ಲಿ ಯಾಕೆ ಒದ್ದಾಡಬೇಕು? ಅರ್ಥವಾಗುತ್ತದೆ. ತಪ್ಪು ತಪ್ಪಾದ ಸ್ಪ್ಯಾನಿಷಿಗಿಂತ ಸರಿಯಾದ ಇಂಗ್ಲಿಷ್ ವಾಸಿ ಎಂಬುದನ್ನೂ ಒಪ್ಪುತ್ತೇನೆ. ಆದರೂ ಮಗಳಿಗೆ ಸ್ಪ್ಯಾನಿಷ್ ಬರುವುದಾದರೆ ಅದರಲ್ಲೇ ಬರೆಯಲಿ ಎನ್ನುವುದಕ್ಕೆ ಗಟ್ಟಿ ಕಾರಣಗಳಿವೆ. ಮಾಂಟ್ರಿಯಲ್ ಒಪ್ಪಂದದ ಅಧಿಕೃತ ಪಠ್ಯಗಳು ಆರು ಭಾಷೆಯಲ್ಲಿವೆ, ಸ್ಪ್ಯಾನಿಷ್ ಅವುಗಳಲ್ಲೊಂದು. ಅಂದರೆ ಸ್ಪ್ಯಾನಿಷ್ ಪತ್ರದಲ್ಲಿ ವಿಧಿಯನ್ನು ಉದ್ಧರಿಸಿದರೆ ಅದು ಅನುವಾದದ ಉದ್ಧರಣೆಯಾಗದೆ ಮೂಲದ್ದೇ ಆಗುತ್ತದೆ. ಎರಡನೆಯದಾಗಿ, ವ್ಯಾಜ್ಯ ಬಾರ್ಸಿಲೋನಾದ ನ್ಯಾಯಾಲಯಕ್ಕೆ ಹೋದರೆ ಬೇರೆ ಭಾಷೆಯ ದಾಖಲೆಗೆ ಅನುವಾದ ಲಗತ್ತಿಸಬೇಕಾಗುತ್ತದೆ. ಪತ್ರ ಮೊದಲೇ ಸ್ಪ್ಯಾನಿಷಿನಲ್ಲಿದ್ದರೆ ಆ ಕೆಲಸ ತಪ್ಪುತ್ತದೆ. ಕಳೆದ ಸಾಮಾನಿನ ಪಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ. ಸೀರೆಯೆಂದರೇನು, ಅದಕ್ಕೆ ಅಷ್ಟು ಬೆಲೆ ಹೇಗೆ ಎಂದು ಒಂದು ಸಾಲಿನಲ್ಲಿ ಅವರ ಭಾಷೆಯಲ್ಲಿ ವಿವರಿಸಿದ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ.

ಇಂಗ್ಲಿಷಿನವರ ವಾದ ಗೆಲ್ಲುವ ಸಂದರ್ಭವೂ ಒಂದಿದೆ. ಒಪ್ಪಂದದ 33ನೇ ವಿಧಿ ದಾವೆಯನ್ನು ಎಲ್ಲೆಲ್ಲಿ ಹೂಡಬಹುದೆಂದು ಹೇಳುತ್ತದೆ, ಪ್ರಯಾಣದ ಗಮ್ಯಸ್ಥಾನ ಅವುಗಳಲ್ಲಿ ಒಂದು. ಹೋಗಿ ಬರುವ ಒಂದೇ ಟಿಕೆಟಿದ್ದರೆ ಗಮ್ಯ ಎಂದು ಸಾಮಾನ್ಯವಾಗಿ ಎಣಿಸುವುದು ಕೊನೆಗೆ ಮರಳುವ ಊರನ್ನು, ಅಂದರೆ ಬೆಂಗಳೂರನ್ನು. ಆಗ ದಾರಿ ಇಲ್ಲಿನ ಗ್ರಾಹಕ ಆಯೋಗಕ್ಕೂ ತೆರೆಯುತ್ತದೆ. ಸ್ಪೇನಿಗೆ ಕಳಿಸಿದ ಉಡುಪಿನ ಸರಕಿನ ವ್ಯಾಜ್ಯವೊಂದರಲ್ಲಿ, ವಿಮಾನ ಸಾಗಣೆಯ ಕಾನೂನಿನ ಅರ್ಥದಲ್ಲಿ ಗ್ರಾಹಕ ಆಯೋಗವೂ ನ್ಯಾಯಾಲಯವೇ ಎಂದು ನಮ್ಮ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಪು ಕೊಟ್ಟಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಬಿಡುತ್ತದೆ. ಅಂಥವರು ಎರಡನೇ ಪತ್ರದಲ್ಲಿ ಬಾರ್ಸಿಲೋನಾದ ಬದಲು ಬೆಂಗಳೂರಿನ ಆಯೋಗವನ್ನು ಹೆಸರಿಸಿ, ಜೊತೆಗೆ ಒಂದು ಇಂಗ್ಲಿಷ್ ಪ್ರತಿಯನ್ನೂ ಸಿದ್ಧವಿಡಬೇಕು. ಯಾವ ದಾರಿ ಹಿಡಿದರೂ ಎರಡು ವರ್ಷದ ಗಡುವು ಒಂದೇ: ಮಾರ್ಚ್ 3ರಂದು ಇಳಿದವರ ಹಕ್ಕು 2027ರ ಮಾರ್ಚ್ 3ಕ್ಕೆ ಮುಗಿಯುತ್ತದೆ, ನಡುವೆ ಕಂಪನಿಯ ಜೊತೆ ಎಷ್ಟೇ ಸೌಜನ್ಯದ ಪತ್ರವ್ಯವಹಾರ ನಡೆದಿರಲಿ.

ವಿಮಾನ ಬದಲಿಸಿ ಹೋಗುವವರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಎರಡು ಕಂಪನಿಗಳಿದ್ದರೆ ಪತ್ರ ಯಾರಿಗೆ? ಮೊದಲ ಕಂಪನಿಯ ಮೇಲೂ, ಕೊನೆಯ ಕಂಪನಿಯ ಮೇಲೂ, ಯಾರ ಕೈಯಲ್ಲಿದ್ದಾಗ ಕಳೆಯಿತೋ ಅವರ ಮೇಲೂ ಪ್ರಯಾಣಿಕರಿಗೆ ಹಕ್ಕಿದೆ. ಕೊನೆಯ ವಿಮಾನದವರ ಕೌಂಟರಿನಲ್ಲೇ ವರದಿ ಮಾಡಿಸಿರುತ್ತಾರಾದ್ದರಿಂದ ಪತ್ರವನ್ನು ಅವರಿಗೆ ಬರೆದು, ಪ್ರತಿಯನ್ನು ಮೊದಲ ಕಂಪನಿಗೆ ಕಳಿಸಬೇಕು. ಎರಡನೇ ಪತ್ರವನ್ನಂತೂ ಬರೀ ಇಮೇಲಿಗೆ ಬಿಡಬಾರದು. ಸ್ಪೇನಿನ ಅಂಚೆ ಇಲಾಖೆಯಲ್ಲಿ ‘ಬುರೋಫ್ಯಾಕ್ಸ್’ ಎಂಬ ಸೇವೆಯಿದೆ. ಹೆಚ್ಚಿನ ಶುಲ್ಕ ಕೊಟ್ಟರೆ ಪತ್ರ ತಲುಪಿದ್ದಕ್ಕೆ ಮಾತ್ರವಲ್ಲ, ಅದರೊಳಗೆ ಏನು ಬರೆದಿತ್ತು ಎಂಬುದಕ್ಕೂ ಇಲಾಖೆಯೇ ಪ್ರಮಾಣ ಕೊಡುತ್ತದೆ. ಬಾರ್ಸಿಲೋನಾದ ಮಗಳು ಹತ್ತಿರದ ಅಂಚೆ ಕಚೇರಿಗೆ ಹೋಗಿ, ಸೇವೆ ಕೇಳುವಾಗ ಪಠ್ಯದ ಪ್ರಮಾಣಪತ್ರ ಮತ್ತು ಸ್ವೀಕೃತಿ ಎರಡನ್ನೂ ಹೆಸರಿಸಿ ಕೇಳಲಿ. ಒಂದನ್ನೇ ಕೇಳಿದರೆ ಒಂದೇ ಸಿಗುತ್ತದೆ.